ಹನ್ನೆರಡು ವರ್ಷ ಅಂತ ಬೆರಳಲ್ಲಿ ಎಣಿಸಬೇಡಿ, ದಯವಿಟ್ಟು

ಬೆಳಗ್ಗೆ ಹಾಲಿನ ಪ್ಯಾಕೆಟ್ ತರಲು ಹೋದವನು ತಲೆ ಬಿಸಿ ಮಾಡಿಕೊಂಡು ಬಂದಿದ್ದೇನೆ. ಎದುರುಮನೆ ಅಜ್ಜಿ ಗೇಟಿನ ಹತ್ತಿರ ನಿಲ್ಲಿಸಿ ಒಂದು ಕರಪತ್ರ ಕೊಟ್ಟರು. ಹಳದಿ ಕಾಗದ. ಮೇಲೆ ಗುರುಗ್ರಹದ ಚಿತ್ರ, ಕೆಳಗೆ ಎಸಿ ಬಸ್ಸಿನ ಚಿತ್ರ. '12 ವರ್ಷಕ್ಕೊಮ್ಮೆ ಬರುವ ಗೋದಾವರಿ ಪುಷ್ಕರ, 31 ಅಕ್ಟೋಬರ್ 2026, ರಾಜಮಹೇಂದ್ರವರಂ, ಊಟ ವಸತಿ ಸಹಿತ.' ಗುರು ಒಂದೊಂದು ರಾಶಿಗೆ ಬಂದಾಗ ಒಂದೊಂದು ನದಿಯಲ್ಲಿ ನಡೆಯುವ ಸ್ನಾನದ ಹಬ್ಬವೇ ಪುಷ್ಕರ, ಗೋದಾವರಿಯದು ಸಿಂಹಕ್ಕೆ ಬಂದಾಗ. ಅಜ್ಜಿ ಮುಂಗಡ ಕೊಟ್ಟಾಗಿದೆ.

"ಮೇಷ್ಟ್ರೇ, ನೀವೂ ಬನ್ನಿ, ಸೀಟು ಖಾಲಿ ಇದೆಯಂತೆ" ಅಂದರು.

"ಅಜ್ಜಿ, ಆವತ್ತು ಅಲ್ಲಿ ಪುಷ್ಕರ ಇಲ್ಲ" ಅಂದೆ.

"ಅಯ್ಯೋ, ಗುರು ಸಿಂಹಕ್ಕೆ ಬರೋದು ಆವತ್ತೇ ಅಲ್ವಾ? ಪಂಚಾಂಗದಲ್ಲೇ ಇದೆ ಕಣಪ್ಪ."

ಇಲ್ಲೇ ಇರೋದು ಮಜಾ. ಅಜ್ಜಿ ಹೇಳಿದ್ದು ಸರಿ. ಗುರು ಆವತ್ತೇ ಸಿಂಹ ರಾಶಿಗೆ ಬರುತ್ತಾನೆ. ಆದರೆ ಆಂಧ್ರದವರು ಗೋದಾವರಿ ಪುಷ್ಕರ ಘೋಷಿಸಿರುವುದು 2027ರ ಜೂನ್ 26ರಿಂದ ಜುಲೈ 7ರವರೆಗೆ. ಎಂಟು ತಿಂಗಳು ಆಚೆ! ಅದೇ ಗೋದಾವರಿಯ ಮೇಲ್ಗಡೆ ನಾಸಿಕ್‌ನವರು ಮಾತ್ರ ತಮ್ಮ ಸಿಂಹಸ್ಥ ಕುಂಭಮೇಳದ ಧ್ವಜ ಏರಿಸುವುದು ಇದೇ ಅಕ್ಟೋಬರ್ 31ಕ್ಕೆ. ಒಂದೇ ನದಿ, ಒಂದೇ ಗ್ರಹ, ಒಂದೇ ರಾಶಿ, ಎರಡು ದಿನಾಂಕ. ಕರಪತ್ರದವರು ನಾಸಿಕ್‌ನ ದಿನಾಂಕ ತಂದು ರಾಜಮಹೇಂದ್ರವರಂಗೆ ಅಂಟಿಸಿದ್ದಾರೆ, ಅಷ್ಟೇ.

ಮೂವತ್ತು ವರ್ಷ ಪಿಯುಸಿ ಮಕ್ಕಳಿಗೆ ಫಿಸಿಕ್ಸ್ ಹೇಳಿದವನಿಗೆ ಬಾಯಿ ಮುಚ್ಚಿಕೊಂಡಿರಲು ಆಗಲ್ಲ ಅಂತ ನಿಮಗೆ ಗೊತ್ತೇ ಇದೆ. ಹಾಲು ಅಲ್ಲೇ ಕಟ್ಟೆ ಮೇಲಿಟ್ಟು ಶುರು ಮಾಡಿದೆ.

ಗುರು ಒಂದು ಸುತ್ತು ಬರಲು ಹನ್ನೆರಡು ವರ್ಷ ಅನ್ನುತ್ತೇವೆ. ನಿಜವಾಗಿ ಬೇಕಾಗುವುದು 11.86 ವರ್ಷ. ಅಂದರೆ ಹನ್ನೆರಡಕ್ಕೆ ಸುಮಾರು ಐವತ್ತು ದಿನ ಕಮ್ಮಿ. ಅದೂ ಒಂದೇ ಸಮನೆ ನಡೆಯಲ್ಲ. ನೀವು ಮೈಸೂರಿನಿಂದ ಬೆಂಗಳೂರಿಗೆ ಬಸ್ಸಲ್ಲಿ ಹೋಗುವಾಗ ಪಕ್ಕದ ಲಾರಿಯನ್ನು ಹಿಂದೆ ಹಾಕುತ್ತೀರಿ ಅಂದುಕೊಳ್ಳಿ. ಲಾರಿ ಮುಂದಕ್ಕೇ ಹೋಗುತ್ತಿರುತ್ತೆ, ಆದರೆ ಕಿಟಕಿಯಿಂದ ನೋಡಿದರೆ ದೂರದ ಮರಗಳ ಎದುರು ಅದು ಹಿಂದಕ್ಕೆ ಸರಿದ ಹಾಗೆ ಕಾಣುತ್ತೆ. ಭೂಮಿ ನಮ್ಮ ಬಸ್ಸು, ಗುರು ಲಾರಿ. ಹದಿಮೂರು ತಿಂಗಳಿಗೊಮ್ಮೆ ನಾವು ಅವನನ್ನು ಹಿಂದೆ ಹಾಕುತ್ತೇವೆ, ಆಗ ಸುಮಾರು ನಾಲ್ಕು ತಿಂಗಳು ಅವನು ಹಿಂದೆ ಬರುವ ಹಾಗೆ ಕಾಣುತ್ತಾನೆ. ಪಂಚಾಂಗದವರು ಇದನ್ನೇ ವಕ್ರ ಅನ್ನೋದು.

ಈಗ 2026ಕ್ಕೆ ಬನ್ನಿ. ಅಕ್ಟೋಬರ್ 31ಕ್ಕೆ ಗುರು ಅವಸರ ಮಾಡಿ ಸಿಂಹಕ್ಕೆ ಕಾಲಿಡುತ್ತಾನೆ. ಇದಕ್ಕೆ ಅತಿಚಾರ ಅಂತ ಹೆಸರು. ಡಿಸೆಂಬರ್‌ನಲ್ಲಿ ವಕ್ರನಾಗುತ್ತಾನೆ. ಜನವರಿ 25ಕ್ಕೆ ಮತ್ತೆ ಕರ್ಕಾಟಕಕ್ಕೆ ವಾಪಸ್. ಮುಂದಿನ ಮನೆ ನೋಡಲು ಹೋಗಿ ಮೂರು ತಿಂಗಳು ಇದ್ದು ಬಂದ ಹಾಗೆ. ಸಾಮಾನು ಸಮೇತ ಹೋಗುವುದು 2027ರ ಜೂನ್ 26ಕ್ಕೆ. ಆಂಧ್ರದವರು ಸಿದ್ಧಾಂತಿಗಳನ್ನು ಕೇಳಿ ಇದನ್ನೇ ಹಿಡಿದು, ಅಲ್ಲಿಂದ ಹನ್ನೆರಡು ದಿನ ಪುಷ್ಕರ ಅಂತ ಘೋಷಿಸಿದರು. ನಾಸಿಕ್‌ನವರಿಗೆ ಮೊದಲ ಹೆಜ್ಜೆ ಸಾಕು, ಯಾಕೆಂದರೆ ಅವರ ಮುಖ್ಯ ಸ್ನಾನಗಳು ಹೇಗೂ 2027ರ ಆಗಸ್ಟ್ ಸೆಪ್ಟೆಂಬರ್‌ನಲ್ಲಿ. ಇಬ್ಬರದೂ ತಪ್ಪಲ್ಲ. ತಪ್ಪು ಎಸಿ ಬಸ್ಸಿನವರದು.

ಮನೆಯಲ್ಲಿ ಇದನ್ನೆಲ್ಲ ಹೇಳಿದರೆ ನನ್ನವಳು ದೋಸೆ ತಿರುವುತ್ತಾ "ಭಕ್ತಿ ಇದ್ದರೆ ಯಾವ ದಿನ ಮುಳುಗಿದರೇನು ಬಿಡಿ" ಅಂದಳು. ಸರಿ, ಹಾಗಾದರೆ ಇಲ್ಲೇ ಪಶ್ಚಿಮವಾಹಿನಿಯಲ್ಲಿ ಮುಳುಗಿ ಬರಲಿ, ಸಾವಿರಾರು ರೂಪಾಯಿ ಯಾಕೆ? ದಿನಕ್ಕೆ ಬೆಲೆ ಇದೆ ಅಂತಲೇ ತಾನೇ ಟಿಕೆಟ್ ಮಾರುವುದು? ತಿರುಮಕೂಡಲು ನರಸೀಪುರದಲ್ಲಿ 1989ರಿಂದ ಮೂರು ವರ್ಷಕ್ಕೊಮ್ಮೆ ಕುಂಭಮೇಳ ನಡೆಸುತ್ತಾರೆ. ಮೂರು ವರ್ಷಕ್ಕೆ ಗುರು ಇದ್ದ ರಾಶಿಗೇ ವಾಪಸ್ ಬರಲು ಸಾಧ್ಯವಿಲ್ಲ, ಅಲ್ಲಿ ಯಾರೂ ಹಾಗಂತ ಹೇಳಿಕೊಂಡೂ ಇಲ್ಲ. ನನಗೆ ಅದರ ಬಗ್ಗೆ ತಕರಾರೇ ಇಲ್ಲ. ಗುರುವಿನ ಹೆಸರು ಹೇಳಿ, ಗುರು ಎಲ್ಲಿದ್ದಾನೆ ಅಂತ ನೋಡದೇ ಇರೋರ ಮೇಲೆ ನನ್ನ ಸಿಟ್ಟು.

ಈ ಸಿಟ್ಟಿನಲ್ಲಿ ಅರ್ಧ ನನ್ನ ಮೇಲೆಯೇ. ಹೇಳಿಬಿಡುತ್ತೇನೆ.

2010ರಲ್ಲಿ ಹರಿದ್ವಾರದಲ್ಲಿ ಕುಂಭ ಆಯಿತು. ಅಮ್ಮನಿಗೆ ಹೋಗಲಾಗಲಿಲ್ಲ. "ಮುಂದಿನದು 2022ಕ್ಕೆ, ಕರೆದುಕೊಂಡು ಹೋಗ್ತೀನಿ" ಅಂತ ಮಾತು ಕೊಟ್ಟಿದ್ದೆ. ಬೆರಳಲ್ಲಿ ಎಣಿಸಿಯೇ! ಆಮೇಲೆ 2021ರಲ್ಲೇ ಕುಂಭ ಅಂತ ಸುದ್ದಿ ಬಂದಾಗ "ರಾಜಕೀಯ ಇರಬೇಕು" ಅಂತ ದೊಡ್ಡದಾಗಿ ಭಾಷಣ ಬಿಗಿದೆ. ಅಮ್ಮ ಪಂಚಾಂಗ ತಂದು ಮುಂದೆ ಇಟ್ಟರು. ಕನ್ನಡಕ ಮೂಗಿನ ಮೇಲೆ, ಬೆರಳು ಗುರುವಿನ ಸಾಲಿನ ಮೇಲೆ.

ಹರಿದ್ವಾರದ ಕುಂಭಕ್ಕೆ ಎರಡು ಸೇರಬೇಕು. ಗುರು ಕುಂಭ ರಾಶಿಯಲ್ಲಿ, ಸೂರ್ಯ ಮೇಷದಲ್ಲಿ. ಸೂರ್ಯ ಮೇಷಕ್ಕೆ ಬರುವುದು ಪ್ರತಿ ವರ್ಷ ಏಪ್ರಿಲ್ 14ರ ಆಸುಪಾಸು. 2021ರಲ್ಲಿ ಗುರು ಏಪ್ರಿಲ್ 6ಕ್ಕೇ ಕುಂಭಕ್ಕೆ ಬಂದಿದ್ದ. ಕೂಡಿತು. 2022ರಲ್ಲಿ? ಏಪ್ರಿಲ್ 13ಕ್ಕೆ ಗುರು ಕುಂಭ ಬಿಟ್ಟು ಮೀನಕ್ಕೆ ಹೋದ. ಮಾರನೇ ದಿನ ಸೂರ್ಯ ಮೇಷಕ್ಕೆ ಬಂದ. ಒಂದು ದಿನ! ಬಸ್ ಸ್ಟ್ಯಾಂಡಿಗೆ ಓಡಿ ಬರುವಷ್ಟರಲ್ಲಿ ಬಸ್ಸು ಗೇಟು ದಾಟಿದ ಹಾಗೆ. ನನ್ನ 2022ರಲ್ಲಿ ಕುಂಭವೇ ಇರಲಿಲ್ಲ.

ಇದು ಹೊಸದೂ ಅಲ್ಲ. ಹರಿದ್ವಾರದಲ್ಲಿ 1938ರಲ್ಲೂ ಹನ್ನೊಂದನೇ ವರ್ಷಕ್ಕೇ ಕುಂಭ ಆಗಿತ್ತು. ಪ್ರತಿ ಸುತ್ತಿಗೆ ಐವತ್ತು ದಿನ ಮುಂದೆ ಬಂದರೆ ಏಳು ಸುತ್ತಿಗೆ ಮುನ್ನೂರೈವತ್ತು ದಿನ. ಹೆಚ್ಚುಕಮ್ಮಿ ಒಂದು ವರ್ಷ. ಆರು ಸಲ ಹನ್ನೆರಡು, ಒಂದು ಸಲ ಹನ್ನೊಂದು, ಒಟ್ಟು 83. 1938ಕ್ಕೆ 83 ಕೂಡಿಸಿ, 2021 ಬರುತ್ತೆ. ಗುರುವಿನ ಲೆಕ್ಕದಲ್ಲಿ ನಿಜವಾಗಿ ಕೂಡುವ ದೊಡ್ಡ ಸಂಖ್ಯೆ ಈ 83. ಹೋದ ವರ್ಷ ಪ್ರಯಾಗಕ್ಕೆ ಹೋಗಿ ಬಂದವರೆಲ್ಲ 144 ವರ್ಷ, 144 ವರ್ಷ ಅಂದರಲ್ಲ, 144ಕ್ಕೆ ಗುರು ಹನ್ನೆರಡು ಸುತ್ತು ಮುಗಿಸಿ ಒಂದೂವರೆ ವರ್ಷಕ್ಕಿಂತ ಜಾಸ್ತಿ ಮುಂದೆ ಹೋಗಿರುತ್ತಾನೆ. ಅದು ಹನ್ನೆರಡನ್ನು ಹನ್ನೆರಡರಿಂದ ಗುಣಿಸಿದ ಲೆಕ್ಕ, ಆಕಾಶದ ಲೆಕ್ಕ ಅಲ್ಲ.

2021ರಲ್ಲಿ ಕೋವಿಡ್ ಇತ್ತು, ಅಮ್ಮನನ್ನು ಹೇಗೂ ಕರೆದುಕೊಂಡು ಹೋಗುತ್ತಿರಲಿಲ್ಲ. ಆದರೂ ಆ ಬೆರಳು ಆ ಸಾಲಿನ ಮೇಲೆ ಇದ್ದದ್ದು ಕಣ್ಣಿಗೆ ಕಟ್ಟಿದೆ. ಅಮ್ಮ ಕಂಡದ್ದು ನಮ್ಮ ಕಾವೇರಿ ಪುಷ್ಕರ ಮಾತ್ರ. 2017ರ ಸೆಪ್ಟೆಂಬರ್, ಗುರು ತುಲಾ ರಾಶಿಗೆ ಬಂದಾಗ. ಶ್ರೀರಂಗಪಟ್ಟಣದ ಸ್ನಾನಘಟ್ಟದಲ್ಲಿ ಮೆಟ್ಟಿಲು ಜಾರುತ್ತೆ ಅಂತ ನನ್ನ ಕೈ ಹಿಡಿದುಕೊಂಡು ಮೂರು ಸಲ ಮುಳುಗಿ, ನಡುಗುತ್ತಾ "ಮುಂದಿನದಕ್ಕೆ ನಾನಿರಲ್ಲ" ಅಂದಿದ್ದರು. ಹಾಗೇ ಆಯಿತು.

ಎದುರುಮನೆ ಅಜ್ಜಿ ಮುಂಗಡ ವಾಪಸ್ ಕೇಳಲು ಮಗನನ್ನು ಕಳಿಸಿದ್ದಾರೆ. ಕೊಡಲ್ಲವಂತೆ, ಬೇಕಾದರೆ ನಾಸಿಕ್‌ಗೆ ಬದಲಾಯಿಸುತ್ತಾರಂತೆ. ಅಜ್ಜಿ ಒಪ್ಪಿಯೂಬಿಟ್ಟರು.

ಮಂಡ್ಯ, ಮೈಸೂರಿನ ಸ್ನೇಹಿತರೇ, ಇನ್ನೊಂದು ವಿಷಯ ಬರೆದಿಟ್ಟುಕೊಳ್ಳಿ. 2028ರ ಡಿಸೆಂಬರ್ ಕೊನೆಗೆ ಗುರು ತುಲಾಕ್ಕೆ ಕಾಲಿಡುತ್ತಾನೆ, 2029ರ ಮಾರ್ಚ್‌ನಲ್ಲಿ ಕನ್ಯಾಕ್ಕೆ ವಾಪಸ್, ಆಗಸ್ಟ್‌ನಲ್ಲಿ ಮತ್ತೆ ತುಲಾ. ಈ ಸಲ ನದಿ ನಮ್ಮದೇ. ಡಿಸೆಂಬರ್‌ನಲ್ಲಿ ಯಾರಾದರೂ ಹಳದಿ ಕಾಗದ ಹಿಡಿದು ಬಂದರೆ ನನಗೊಂದು ಫೋನ್ ಮಾಡಿ.