ಹೊಸ ಷೇರು ಹುಟ್ಟುವಾಗ ಹಳೆಯ ಷೇರುದಾರರನ್ನು ಕೇಳುವವರಾರು?

ಅಮೆರಿಕದಲ್ಲಿ ನೆಲೆಸಿ, ಸಂಬಳದ ಒಂದು ಭಾಗವನ್ನು ಷೇರಿನ ರೂಪದಲ್ಲೇ ಪಡೆಯುವ ನನಗೂ, ಬಸವನಗುಡಿಯಲ್ಲಿ ಕುಳಿತು ನಿವೃತ್ತಿಯ ಹಣವನ್ನು ಷೇರುಗಳಲ್ಲಿ ತೊಡಗಿಸಿರುವ ನಮ್ಮ ಭಾವನವರಿಗೂ ಬಹುಕಾಲದಿಂದ ಒಂದು ವಾದ ನಡೆದಿದೆ. "ಕಂಪನಿ ಹೊಸ ಷೇರು ಬಿಟ್ಟಿತು ಅಂದರೆ ನಮ್ಮ ಪಾಲು ಕರಗಿತು ಅಂತಲೇ ಅರ್ಥ ಕಣಯ್ಯ" ಎನ್ನುವುದು ಅವರ ನಿಲುವು. ಶೇಕಡಾವಾರು ಲೆಕ್ಕದಲ್ಲಿ ಅವರ ಮಾತು ನಿಜ. ಆದರೆ ಪಾಲು ಕಿರಿದಾಯಿತೇ ಎನ್ನುವುದು ಒಂದು ಪ್ರಶ್ನೆ, ಹಣ ಕಡಿಮೆಯಾಯಿತೇ ಎನ್ನುವುದು ಇನ್ನೊಂದು, ಹೊಸ ಷೇರು ಹುಟ್ಟುವ ಮೊದಲು ಹಳಬರನ್ನು ಕೇಳಿದರೇ ಎನ್ನುವುದು ಮೂರನೆಯದು. ಎರಡು ದೇಶಗಳ ರೀತಿಗಳು ಬೇರೆಯಾಗುವುದು ಮುಖ್ಯವಾಗಿ ಈ ಮೂರನೆಯದರಲ್ಲಿ.

ಲೆಕ್ಕಕ್ಕೆಂದು ಪೀಣ್ಯದ ಒಂದು ಕಾಲ್ಪನಿಕ ಕಾರ್ಖಾನೆಯನ್ನು ಇಟ್ಟುಕೊಳ್ಳೋಣ. ಅದರ ಷೇರುಗಳು ಒಂದು ಕೋಟಿ, ಪೇಟೆ ಬೆಲೆ 400 ರೂಪಾಯಿ, ಅಂದರೆ ಕಂಪನಿಯ ಒಟ್ಟು ಮೌಲ್ಯ 400 ಕೋಟಿ. ಭಾವನವರ ಬಳಿ 10,000 ಷೇರುಗಳಿವೆ. ಅವರ ಪಾಲು ಶೇ 0.1, ಬೆಲೆ 40 ಲಕ್ಷ. ಕಾರ್ಖಾನೆಗೆ ಹೊಸ ಯಂತ್ರಗಳಿಗಾಗಿ 80 ಕೋಟಿ ಬೇಕಾಗಿದೆ. ಪೇಟೆ ಬೆಲೆಗೇ 20 ಲಕ್ಷ ಹೊಸ ಷೇರುಗಳನ್ನು ದೊಡ್ಡ ಹೂಡಿಕೆದಾರರಿಗೆ ಮಾರಿದರೆ ಭಾವನವರ ಪಾಲು ಸುಮಾರು ಶೇ 0.083ಕ್ಕೆ ಇಳಿಯುತ್ತದೆ. ಆದರೆ ಕಂಪನಿಯೊಳಗೆ 80 ಕೋಟಿ ನಗದು ಬಂದಿರುವುದರಿಂದ ಮೌಲ್ಯ 480 ಕೋಟಿಯಾಗುತ್ತದೆ, ಅದನ್ನು 1.2 ಕೋಟಿ ಷೇರುಗಳಿಗೆ ಹಂಚಿದರೆ ಮತ್ತೆ 400 ರೂಪಾಯಿಯೇ. ಮತದ ಬಲ ಆರರಲ್ಲೊಂದು ಭಾಗ ಹೋಯಿತು, ಹಣ ಹೋಗಲಿಲ್ಲ. ನಷ್ಟವಾಗುವುದು ಹೊಸ ಷೇರನ್ನು ಅದರ ಯೋಗ್ಯತೆಗಿಂತ ಅಗ್ಗವಾಗಿ ಹೊರಗಿನವರಿಗೆ ಕೊಟ್ಟಾಗ, ಅಥವಾ ಬಂದ ಹಣವನ್ನು ಆಡಳಿತ ಮಂಡಳಿ ಪೋಲು ಮಾಡಿದಾಗ.

ಅಗ್ಗವಾಗಿಯೇ ಕೊಡುವುದಾದರೆ ಮೊದಲು ಹಳಬರಿಗೆ ಕೊಡಿ ಎನ್ನುವುದು ಭಾರತದ ಕಾನೂನಿನ ಮೂಲ ಧೋರಣೆ. 2013ರ ಕಂಪನಿ ಕಾಯ್ದೆಯ 62ನೇ ಸೆಕ್ಷನ್ ಪ್ರಕಾರ ಹೊಸ ಷೇರುಗಳನ್ನು ಈಗಿರುವ ಷೇರುದಾರರ ಮುಂದೆ ಅವರವರ ಪಾಲಿಗೆ ತಕ್ಕಂತೆ ಇಡಬೇಕು. ಹೊರಗಿನವರಿಗೆ ಕೊಡಬೇಕಾದರೆ ವಿಶೇಷ ನಿರ್ಣಯ ಬೇಕು, ಅಂದರೆ ವಿರೋಧವಾಗಿ ಬಿದ್ದ ಮತಗಳ ಕನಿಷ್ಠ ಮೂರರಷ್ಟು ಮತಗಳು ಪರವಾಗಿ ಬೀಳಬೇಕು. ನಮ್ಮ ಕಾರ್ಖಾನೆ 4 ಷೇರಿಗೆ 1ರಂತೆ 320 ರೂಪಾಯಿಗೆ ರೈಟ್ಸ್ ಇಶ್ಯೂ ಮಾಡಿತೆನ್ನಿ. 25 ಲಕ್ಷ ಹೊಸ ಷೇರುಗಳಿಂದ ಅದೇ 80 ಕೋಟಿ ಬರುತ್ತದೆ, ಮತ್ತು ಷೇರಿನ ಬೆಲೆ ಲೆಕ್ಕದ ಪ್ರಕಾರ 480 ಕೋಟಿಯನ್ನು 1.25 ಕೋಟಿಯಿಂದ ಭಾಗಿಸಿದ 384 ರೂಪಾಯಿಗೆ ಬಂದು ನಿಲ್ಲುತ್ತದೆ. ಭಾವನವರು 8 ಲಕ್ಷ ಕೊಟ್ಟು ತಮಗೆ ಬಂದ 2,500 ಷೇರುಗಳನ್ನು ತೆಗೆದುಕೊಂಡರೆ ಅವರ ಬಳಿ 48 ಲಕ್ಷದ ಷೇರುಗಳಿರುತ್ತವೆ, ಪಾಲು ಶೇ 0.1ರಲ್ಲೇ ಉಳಿಯುತ್ತದೆ. ಸುಮ್ಮನಿದ್ದರೆ ಅವರ 40 ಲಕ್ಷ 38.4 ಲಕ್ಷವಾಗುತ್ತದೆ.

ಆ 1.6 ಲಕ್ಷ ಎಲ್ಲಿಗೂ ಮಾಯವಾಗಿರುವುದಿಲ್ಲ. 384 ರೂಪಾಯಿಯ ಷೇರನ್ನು 320ಕ್ಕೆ ಕೊಳ್ಳುವ ಒಂದೊಂದು ಹಕ್ಕಿಗೂ ಸುಮಾರು 64 ರೂಪಾಯಿ ಬೆಲೆಯಿದೆ, 2,500 ಹಕ್ಕುಗಳಿಗೆ ಸರಿಯಾಗಿ 1.6 ಲಕ್ಷ. ಈ ಹಕ್ಕುಗಳು ಈಗ ಡಿಮ್ಯಾಟ್ ಖಾತೆಗೇ ಬರುತ್ತವೆ, ಕಂಪನಿಯ ಹೆಸರಿನ ಮುಂದೆ RE ಎಂಬ ಅಕ್ಷರಗಳೊಡನೆ ಕಾಣಿಸಿಕೊಳ್ಳುತ್ತವೆ, ಷೇರಿನಂತೆಯೇ ಪೇಟೆಯಲ್ಲಿ ಮಾರಾಟವಾಗುತ್ತವೆ. ಹೊಸ ಹಣ ಹಾಕಲು ಇಷ್ಟವಿಲ್ಲದವರು ಅವನ್ನು ಮಾರಿದರೆ ಪಾಲು ಶೇ 0.08ಕ್ಕೆ ಇಳಿದರೂ ಹಣ ಕೈಸೇರುತ್ತದೆ. 2020ರಲ್ಲಿ ರಿಲಯನ್ಸ್ 15ಕ್ಕೆ 1ರಂತೆ 1,257 ರೂಪಾಯಿಗೆ ಷೇರು ಕೊಟ್ಟಾಗ ಹೀಗೆಯೇ ಹಕ್ಕುಗಳ ವಹಿವಾಟು ನಡೆದಿತ್ತು. ಆದರೆ ಇಶ್ಯೂ ಮುಗಿಯುವುದಕ್ಕೆ ಕೆಲವು ದಿನ ಮೊದಲೇ ಈ ವಹಿವಾಟು ನಿಲ್ಲುತ್ತದೆ. ಅರ್ಜಿಯನ್ನೂ ಹಾಕದೆ, ಮಾರದೆಯೂ ಬಿಟ್ಟ ಹಕ್ಕು ರದ್ದಾಗಿ ಹೋಗುತ್ತದೆ. ಹಾಗೆ ಬಿಟ್ಟವರ ಹಣ ಉಳಿದವರ ಜೇಬಿಗೆ ಬೀಳುತ್ತದೆ ಎನ್ನುವುದನ್ನು ಮೊದಲ ಬಾರಿ ವಿವರಿಸಿದಾಗ ಭಾವ ತಮ್ಮ ಖಾತೆಯನ್ನು ತೆರೆದು ತೋರಿಸಿದರು. ಅಲ್ಲಿ ಅಂಥದೊಂದು ಸಾಲು ಇದ್ದೇ ಇತ್ತು. "ಇದೇನೋ ಬ್ರೋಕರ್ ಕಡೆಯ ಗೊಂದಲ ಅಂದುಕೊಂಡಿದ್ದೆ" ಎಂದರು.

ಅಮೆರಿಕದಲ್ಲಿ ಇಂಥ ಸಾಲು ಕಾಣಿಸುವುದೇ ಅಪರೂಪ. ಅಲ್ಲಿನ ಬಹಳಷ್ಟು ದೊಡ್ಡ ಕಂಪನಿಗಳು ನೋಂದಣಿಯಾಗಿರುವ ಡೆಲವೇರ್ ರಾಜ್ಯದ ಕಾನೂನಿನಲ್ಲಿ, ಕಂಪನಿಯ ಸ್ಥಾಪನಾ ಪತ್ರದಲ್ಲಿ ಸ್ಪಷ್ಟವಾಗಿ ಬರೆದಿಲ್ಲದಿದ್ದರೆ ಹಳೆಯ ಷೇರುದಾರರಿಗೆ ಮೊದಲ ಹಕ್ಕು ಇರುವುದಿಲ್ಲ. ಅಧಿಕೃತ ಮಿತಿಯೊಳಗಿನ ಷೇರುಗಳನ್ನು ನಿರ್ದೇಶಕ ಮಂಡಳಿ ಪೇಟೆಯಲ್ಲಿ ನೇರವಾಗಿ, ಅಂದಂದಿನ ಬೆಲೆಗೆ ಮಾರಬಹುದು. ಇದರಲ್ಲಿ ಒಳಿತೂ ಇದೆಯೆಂದು ಒಪ್ಪಬೇಕು. 2021ರ ಜೂನ್‌ನಲ್ಲಿ, ಎಎಂಸಿ ಎಂಬ ಚಿತ್ರಮಂದಿರ ಕಂಪನಿಯ ಷೇರು ಹುಚ್ಚೆದ್ದು ಏರಿದ್ದಾಗ, ಅದು ಸುಮಾರು 1.155 ಕೋಟಿ ಷೇರುಗಳನ್ನು ಸರಾಸರಿ 51 ಡಾಲರ್ ಸಮೀಪದ ಬೆಲೆಗೆ ಮಾರಿ 58.7 ಕೋಟಿ ಡಾಲರ್ ಎತ್ತಿತು, ಕೊಳ್ಳುವವರು ಹಾಕಿದ್ದನ್ನೆಲ್ಲ ಕಳೆದುಕೊಳ್ಳಬಹುದೆಂಬ ಎಚ್ಚರಿಕೆಯನ್ನೂ ತನ್ನ ದಾಖಲೆಯಲ್ಲೇ ಬರೆಯಿತು. ಹಳಬರ ಪಾಲು ಕಿರಿದಾದರೂ ದುಬಾರಿ ಬೆಲೆ ತೆತ್ತವರು ಹೊಸಬರು. ಆದರೂ, ಸಣ್ಣ ಷೇರುದಾರನ ದೃಷ್ಟಿಯಿಂದ ಭಾರತದ ಪದ್ಧತಿಯೇ ನ್ಯಾಯವಾದದ್ದು ಎನ್ನುವುದು ನನ್ನ ಅಭಿಪ್ರಾಯ. ದೊಡ್ಡ ಸಂಸ್ಥೆಗಳಿಗೆ ಮಾತ್ರ ಮಾರುವ ಕ್ಯುಐಪಿ ಎಂಬ ಒಳದಾರಿ ಅದನ್ನು ಸಾಕಷ್ಟು ಸಡಿಲಗೊಳಿಸಿದೆಯಾದರೂ, ಅಲ್ಲಿಯೂ ಕನಿಷ್ಠ ಬೆಲೆಗೆ ಎರಡು ವಾರಗಳ ಸರಾಸರಿಯ ಕಟ್ಟು ಇದೆ, ರಿಯಾಯಿತಿ ಶೇ 5ನ್ನು ಮೀರುವಂತಿಲ್ಲ.

ನೌಕರರಿಗೆ ಕೊಡುವ ಷೇರುಗಳ ವಿಷಯಕ್ಕೆ ಬಂದರೆ ನನ್ನ ಈ ಪಕ್ಷಪಾತ ಉಳಿಯುವುದಿಲ್ಲ. ಭಾರತದಲ್ಲಿ ಇಸಾಪ್ ಯೋಜನೆಗೆ ವಿಶೇಷ ನಿರ್ಣಯ, ಅಮೆರಿಕದ ಷೇರುಪೇಟೆಗಳಲ್ಲಿ ಸರಳ ಬಹುಮತ. ಎರಡೂ ಕಡೆ ಮತ ಹಾಕುವುದು ಬಹುತೇಕ ಒಮ್ಮೆ, ಷೇರುಗಳು ಹುಟ್ಟುವುದು ವರ್ಷಗಟ್ಟಲೆ. ವರ್ಷಕ್ಕೆ ಶೇ 3ರಷ್ಟು ಹೊಸ ಷೇರುಗಳು ಸೇರುತ್ತಾ ಹೋದರೆ ಹತ್ತು ವರ್ಷಗಳಲ್ಲಿ ಒಟ್ಟು ಷೇರುಗಳು 1.34 ಪಟ್ಟಾಗುತ್ತವೆ, ಭಾವನವರ ಶೇ 0.1 ಪಾಲು ಸುಮಾರು 0.074ಕ್ಕೆ ಬರುತ್ತದೆ. ಇಲ್ಲಿ ಕಂಪನಿಗೆ ನಗದು ಬರುವುದಿಲ್ಲ, ದುಡಿಮೆ ಬರುತ್ತದೆ. ಆ ದುಡಿಮೆಯಿಂದ ಲಾಭ ಅದೇ ವೇಗದಲ್ಲಿ ಬೆಳೆದರಷ್ಟೇ ಪ್ರತಿ ಷೇರಿನ ಗಳಿಕೆ ಇದ್ದಲ್ಲಿ ಇರುತ್ತದೆ. ನಾನೇ ಫಲಾನುಭವಿಯಾದ್ದರಿಂದ ಇದನ್ನು ಹೇಳಲು ನನಗೆ ಸಂಕೋಚವಿಲ್ಲ: ಷೇರಿನ ರೂಪದ ಸಂಬಳವೂ ಸಂಬಳವೇ. ಲೆಕ್ಕಪತ್ರದ ನಿಯಮಗಳು ಅದನ್ನು ಖರ್ಚೆಂದೇ ತೋರಿಸಲು ಹೇಳುತ್ತವೆ. ಹೀಗಿದ್ದೂ ಅದನ್ನು ಕಳೆಯದೆ "ಹೊಂದಿಸಿದ ಲಾಭ" ಎಂದು ಪ್ರಕಟಿಸುವ ಅಭ್ಯಾಸವನ್ನು ಬೆಂಗಳೂರಿನ ಹೊಸ ಪೀಳಿಗೆಯ ಕಂಪನಿಗಳು ಕ್ಯಾಲಿಫೋರ್ನಿಯಾದಿಂದ ಕಲಿತಿರುವುದು ನನಗೆ ಹಿಡಿಸುವುದಿಲ್ಲ.

ಇದರ ಮೇಲೆ ಮುಸುಕು ಹಾಕುವುದು ಬೈಬ್ಯಾಕ್. ನಮ್ಮ ಕಾರ್ಖಾನೆ ನೌಕರರಿಗೆ 3 ಲಕ್ಷ ಷೇರುಗಳನ್ನು ತಲಾ 10 ರೂಪಾಯಿಗೆ ಕೊಟ್ಟು 30 ಲಕ್ಷ ಪಡೆದು, ಆಮೇಲೆ ಷೇರುದಾರರಿಂದ ಅಷ್ಟೇ ಷೇರುಗಳನ್ನು 400ರ ದರದಲ್ಲಿ 12 ಕೋಟಿಗೆ ಮರಳಿ ಕೊಂಡರೆ, ಒಟ್ಟು ಷೇರುಗಳು ಮತ್ತೆ ಒಂದು ಕೋಟಿಯೇ ಆಗುತ್ತವೆ. ಭಾವನವರ ಶೇ 0.1 ಅಲುಗಾಡಿರುವುದಿಲ್ಲ. ಆದರೆ ಕಂಪನಿಯಿಂದ 11.7 ಕೋಟಿ ಹೊರಗೆ ಹೋಗಿದೆ, ಅದರಲ್ಲಿ ಅವರ ಪಾಲಿನದು 1.17 ಲಕ್ಷ. ಷೇರುದಾರರಿಗೆ ಹಣ ಹಿಂದಿರುಗಿಸಿದ್ದೇವೆ ಎಂಬ ಪ್ರಕಟಣೆ ಅದೇ ವರ್ಷ ಹೊರಬೀಳುತ್ತದೆ. ಹೀಗಾಗಿ ಷೇರುಗಳ ಒಟ್ಟು ಸಂಖ್ಯೆಯನ್ನು ಮಾತ್ರ ನೋಡುವವರಿಗೆ ಏನೂ ತಿಳಿಯುವುದಿಲ್ಲ. ವಾರ್ಷಿಕ ವರದಿಯ ಷೇರು ಬಂಡವಾಳದ ಟಿಪ್ಪಣಿಯಲ್ಲಿ ಬೋನಸ್ ಮತ್ತು ವಿಭಜನೆಯನ್ನು ಪಕ್ಕಕ್ಕಿಟ್ಟು ಎಷ್ಟು ಹೊಸದಾಗಿ ಹುಟ್ಟಿದವು, ಎಷ್ಟು ರದ್ದಾದವು ಎಂಬ ಎರಡನ್ನೂ ಓದಬೇಕು. ಬೈಬ್ಯಾಕ್ ಪ್ರಕಟಿಸುವ ಕಂಪನಿ, ಅದರಲ್ಲಿ ಎಷ್ಟು ಭಾಗ ನೌಕರರಿಗೆ ಕೊಟ್ಟ ಷೇರುಗಳನ್ನು ಸರಿದೂಗಿಸಲಷ್ಟೇ ಹೋಯಿತೆಂದು ಅದೇ ಪುಟದಲ್ಲಿ ರೂಪಾಯಿ ಲೆಕ್ಕದಲ್ಲಿ ಬರೆಯಬೇಕೆಂದು ಸೆಬಿ ಕಡ್ಡಾಯಗೊಳಿಸಲಿ ಎನ್ನುವುದು ನನ್ನ ಅಪೇಕ್ಷೆ, ಮತ್ತು ಈ ಒಂದು ವಿಷಯದಲ್ಲಿ ಭಾವನವರು ನನ್ನ ಪಕ್ಷದಲ್ಲಿದ್ದಾರೆ.