ಖಾಲಿ ಮನೆಯಲ್ಲಿ ಯಾರಿದ್ದಾರೆ?

ಶನಿವಾರ ರಾತ್ರಿ ಒಂಬತ್ತೂವರೆ. ಊಟ ಮುಗಿಸಿ ಮಜ್ಜಿಗೆ ಲೋಟ ಹಿಡಿದು ಕೂತಿದ್ದೆ. ಫೋನ್ ಬಂತು. ನಮ್ಮ ಅಪಾರ್ಟ್‌ಮೆಂಟಿನ ಖಜಾಂಚಿ ರಾಯರು.

"ಏನಪ್ಪಾ, ನೀನು ಮಾಡಿಕೊಟ್ಟ ಲಿಸ್ಟು ಚೆಲ್ಲಿಹೋಗಿದೆಯಲ್ಲೋ."

ನಾನು ಮೊದಲು ಮಜ್ಜಿಗೆ ಲೋಟ ನೋಡಿಕೊಂಡೆ. ಚೆಲ್ಲಿರಲಿಲ್ಲ.

"ಏನು ಚೆಲ್ಲಿದೆ ರಾಯರೇ?"

"ಅದನ್ನೇ ನಾನು ನಿನ್ನ ಕೇಳ್ತಿರೋದು. ಸ್ಪಿಲ್ ಅಂತ ಬರೆದಿದೆ. ಪಕ್ಕದಲ್ಲಿ ಆಶ್ಚರ್ಯಸೂಚಕ ಬೇರೆ. ಕಂಪ್ಯೂಟರಿಗೇ ಅಷ್ಟು ಆಶ್ಚರ್ಯ ಆದ್ರೆ ನನ್ನ ಗತಿ ಏನು?"

ಕನಕಪುರ ರಸ್ತೆಯ ಆಸುಪಾಸಿನಲ್ಲಿ ಅಪಾರ್ಟ್‌ಮೆಂಟ್ ವಾಸ ಮಾಡುವವರಿಗೆ ಈ ಲಿಸ್ಟಿನ ಮಹಿಮೆ ಹೇಳಬೇಕಿಲ್ಲ. ಮೇಂಟೆನೆನ್ಸ್ ಬಾಕಿ ಇಟ್ಟವರ ಪಟ್ಟಿ ಗ್ರೂಪಿಗೆ ಬೀಳಬೇಕು. ಅದು ಬಿದ್ದ ಮೇಲೆ ದುಡ್ಡು ಬರುತ್ತೆ. ದುಡ್ಡು ಬಂದ ಮೇಲೆ ನೀರಿನ ಟ್ಯಾಂಕರ್ ಬರುತ್ತೆ. ಪಟ್ಟಿ ನಿಂತರೆ ಸೋಮವಾರ ಬೆಳಗ್ಗೆ 64 ಮನೆಯ ನಲ್ಲಿಗಳೂ ಬುಸ್ ಅನ್ನುತ್ತವೆ. ಹಾಗಾಗಿ ಲೋಟ ಕೆಳಗಿಟ್ಟು, ಚಪ್ಪಲಿ ಮೆಟ್ಟಿ, ಎರಡನೇ ಮಹಡಿಗೆ ಇಳಿದೆ. ಸಾಫ್ಟ್‌ವೇರಿನಲ್ಲಿದ್ದೀನಿ ಅಂತ ಒಮ್ಮೆ ಬಾಯಿ ತಪ್ಪಿ ಹೇಳಿದ ತಪ್ಪಿಗೆ ನನಗೆ ಜೀವಾವಧಿ ಶಿಕ್ಷೆ.

ಹಾಳೆ ಬಹಳ ಸರಳವಾದದ್ದು. ಎಕ್ಸೆಲ್‌ನಲ್ಲಿ A ಕಾಲಮ್ಮಿನಲ್ಲಿ ಫ್ಲ್ಯಾಟ್ ನಂಬರು, B ಯಲ್ಲಿ ಹೆಸರು, C ಯಲ್ಲಿ ಬಾಕಿ. ಎರಡನೇ ಸಾಲಿನಿಂದ 65ನೇ ಸಾಲಿನವರೆಗೆ 64 ಮನೆ. ಹಾಳೆಯ ಒಂದೊಂದು ಚೌಕವೂ ಒಂದೊಂದು ಮನೆ. ಬಲಗಡೆ E ಕಾಲಮ್ಮಿನ ಎರಡನೇ ಸಾಲಿನ ಮನೆ, ಅಂದರೆ E2 ರಲ್ಲಿ ನಾನು ಬರೆದಿದ್ದು ಒಂದೇ ಒಂದು ಸಾಲು:

```
=FILTER(A2:C65, C2:C65>0)
```

ಬಾಕಿ ಸೊನ್ನೆಗಿಂತ ಜಾಸ್ತಿ ಇರುವವರನ್ನೆಲ್ಲ ಆರಿಸಿ ಕೊಡು ಅಂತ. ಬರೆಯುವುದು ಒಂದು ಮನೆಯಲ್ಲಿ, ಉತ್ತರ ಮಾತ್ರ ಕೆಳಕ್ಕೂ ಪಕ್ಕಕ್ಕೂ ತಾನೇ ಹರಡಿಕೊಳ್ಳುತ್ತದೆ. ಒಂಬತ್ತು ಜನ ಬಾಕಿ ಇದ್ದರೆ ಒಂಬತ್ತು ಸಾಲು, ಹತ್ತಾದರೆ ಹತ್ತು. ಹೀಗೆ ಹರಡುವುದಕ್ಕೇ ಸ್ಪಿಲ್ ಅನ್ನುವುದು. ಹರಡೋಕೆ ಜಾಗ ಸಿಗದಿದ್ದರೆ E2 ರಲ್ಲಿ `#SPILL!` ಅಂತ ಬರೆದುಕೊಂಡು ಕೂತುಬಿಡುತ್ತದೆ.

ಕೂರುವ ರೀತಿ ನೋಡಬೇಕು. ಜಾಗ ಇದ್ದಷ್ಟು ತುಂಬಿಸಿ, ಉಳಿದದ್ದು ಆಮೇಲೆ ನೋಡೋಣ ಅನ್ನುವ ಬುದ್ಧಿ ಇಲ್ಲ. ಮದುವೆಗೆ ಹೊರಟ ಹದಿನಾಲ್ಕು ಜನರ ಸಂಸಾರ ಮೆಜೆಸ್ಟಿಕ್ಕಿನಲ್ಲಿ ಬಸ್ಸು ಹತ್ತಿದ ಹಾಗೆ. ಎಲ್ಲರಿಗೂ ಒಟ್ಟಿಗೇ ಸೀಟು ಬೇಕು. ಮಧ್ಯದ ಒಂದು ಸೀಟಿನಲ್ಲಿ ಯಾರೋ ಕಿಟಕಿಯಿಂದ ಕರ್ಚೀಫು ಹಾಕಿದ್ದರೆ ಸಾಕು, ಇಡೀ ಸಂಸಾರ ಕೆಳಗಿಳಿಯುತ್ತದೆ. ಯಜಮಾನರೊಬ್ಬರು ಮಾತ್ರ ಬಾಗಿಲಲ್ಲಿ ನಿಂತು ಕೂಗಾಡುತ್ತಾರೆ. ಆ ಯಜಮಾನರೇ E2.

"ಕೆಳಗೆ ಏನಾದ್ರೂ ಬರೆದ್ರಾ ರಾಯರೇ?"

"ಏನೂ ಇಲ್ಲ. ನೀನೇ ನೋಡು. ಎಲ್ಲಾ ಖಾಲಿ."

ನಿಜಕ್ಕೂ ಖಾಲಿ ಕಾಣುತ್ತಿತ್ತು. ಆದರೆ E2 ಮೇಲೆ ಕ್ಲಿಕ್ ಮಾಡಿದರೆ ಉತ್ತರಕ್ಕೆ ಎಷ್ಟು ಜಾಗ ಬೇಕು ಅಂತ ತುಂಡು ತುಂಡು ಗೆರೆಯ ಚೌಕಟ್ಟೊಂದು ಕಾಣುತ್ತದೆ. E2 ರಿಂದ G15. ಅಂದರೆ ಹದಿನಾಲ್ಕು ಸಾಲು. ಪಕ್ಕದ ಹಳದಿ ಗುರುತು ಒತ್ತಿದೆ. ಮೇಲೆ `Spill range isn't blank` ಎಂಬ ದೂರು, ಕೆಳಗೆ `Select Obstructing Cells` ಎಂಬ ಆಯ್ಕೆ. ಅಡ್ಡ ಕೂತವರು ಯಾರು ತೋರಿಸು ಅಂತ. ಒತ್ತಿದೆ. ಕರ್ಸರು ಸೀದಾ G12 ಕ್ಕೆ ಹೋಗಿ ನಿಂತಿತು.

G12 ರಲ್ಲಿ ಏನೂ ಇಲ್ಲ. ಮೇಲಿನ ಫಾರ್ಮುಲಾ ಪಟ್ಟಿಯಲ್ಲೂ ಏನೂ ಇಲ್ಲ. ರಾಯರು ಗೆದ್ದ ಮುಖ ಮಾಡಿದರು.

"ನೋಡಿದ್ಯಾ? ಖಾಲಿ ಮನೆ ತೋರಿಸಿ ಯಾರೋ ಇದ್ದಾರೆ ಅನ್ನುತ್ತೆ. ದೆವ್ವಾನಾ?"

ಪಕ್ಕದ ಮನೆಯೊಂದರಲ್ಲಿ `=LEN(G12)` ಬರೆದೆ. ಒಳಗೆ ಎಷ್ಟು ಅಕ್ಷರ ಇದೆ ಎಂದು ಎಣಿಸುವ ಫಾರ್ಮುಲಾ. ಉತ್ತರ: 1.

ದೆವ್ವ ಒಂದಕ್ಷರದ್ದು. ಸ್ಪೇಸು.

ನಿಧಾನಕ್ಕೆ ಕಥೆ ಹೊರಬಿತ್ತು. ಜೂನ್‌ನಲ್ಲಿ ಬಾಕಿದಾರರು ಒಂಬತ್ತು ಜನ. ಪಟ್ಟಿ ಹತ್ತನೇ ಸಾಲಿಗೆ ಮುಗಿದಿತ್ತು. ರಾಯರು ಒಂದು ಸಾಲು ಬಿಟ್ಟು, ಅಂದವಾಗಿ, ಹನ್ನೆರಡನೇ ಸಾಲಿನಲ್ಲಿ ಒಟ್ಟು ಮೊತ್ತ ಬರೆದಿದ್ದರು. ಜುಲೈನಲ್ಲಿ ಮೊತ್ತ ಬದಲಾಯಿತು, ಅಳಿಸಿಬಿಡಿ ಅಂತ ನಾನೇ ಫೋನಿನಲ್ಲಿ ಹೇಳಿದ್ದೆ. ಅವರು ಅಳಿಸಿದರು. ಅಳಿಸಿದ್ದು ಹೇಗೆ? ಆ ಮನೆಗೆ ಹೋಗಿ ಸ್ಪೇಸ್ ಬಾರ್ ಒತ್ತಿ ಎಂಟರ್ ಹೊಡೆದರು. ಜುಲೈನಲ್ಲಿ ಹತ್ತೇ ಜನ, ಹನ್ನೊಂದನೇ ಸಾಲಿಗೆ ಪಟ್ಟಿ ಮುಗಿಯಿತು, ಕರ್ಚೀಫಿಗೆ ಕೈ ತಗುಲಲಿಲ್ಲ. ಈ ತಿಂಗಳು ಪಟ್ಟಿ ಉದ್ದವಾಯಿತು, ತಗುಲಿತು. ಈ ಕಾಯಿಲೆಯ ಗುಣವೇ ಹಾಗೆ. ತಪ್ಪು ಮಾಡಿದ ದಿನ ಎಲ್ಲ ಚೆನ್ನಾಗಿರುತ್ತದೆ. ಸಾಲು ಬೆಳೆದ ದಿನ ಬಾಗಿಲು ಬಡಿಯುತ್ತದೆ. ಬೈಗುಳ ಮಾತ್ರ ಫಾರ್ಮುಲಾ ಬರೆದವನಿಗೆ.

ರಾಯರ ಸ್ಪೇಸ್ ಬಾರ್ ಬಗ್ಗೆ ಇಲ್ಲಿ ಸ್ವಲ್ಪ ಹೇಳಲೇಬೇಕು. ಅವರ ಕೀಬೋರ್ಡಿನಲ್ಲಿ ಡಿಲೀಟ್ ಕೀ ಇನ್ನೂ ಹೊಚ್ಚ ಹೊಸದಾಗಿ ಹೊಳೆಯುತ್ತಿದೆ, ಷೋರೂಮಿನಿಂದ ಬಂದ ಹಾಗೆ. ಸ್ಪೇಸ್ ಬಾರ್ ಮಾತ್ರ ಬಲ ಹೆಬ್ಬೆರಳು ಬೀಳುವ ಜಾಗದಲ್ಲಿ ನುಣ್ಣಗೆ ಸವೆದಿದೆ. ಹೆಸರು ತಪ್ಪಾಯಿತೇ? ಸ್ಪೇಸ್. ಮೊತ್ತ ಬೇಡವೇ? ಸ್ಪೇಸ್. ಪೂರ್ತಿ ಸಾಲು ಬೇಡವಾದರೆ ಒಂದೊಂದು ಮನೆಗೂ ಹೋಗಿ ಟಕ್, ಎಂಟರ್, ಟಕ್, ಎಂಟರ್. ತಾಳ ಹಾಕಿದ ಹಾಗೆ. ನಾನು ಎರಡು ವರ್ಷದಿಂದ ಹೇಳುತ್ತಿದ್ದೇನೆ.

"ರಾಯರೇ, ಅದು ಅಳಿಸೋದಲ್ಲ. ಕಾಣದೇ ಇರೋ ಅಕ್ಷರ ಬರೆಯೋದು."

"ಕಾಣದೇ ಇರೋದನ್ನ ಬರೆಯೋದು ಹೇಗಪ್ಪಾ? ಖಾಲಿ ಅಂದ್ರೆ ಖಾಲಿ ತಾನೇ?"

"ಖಾಲಿ ಅಂದ್ರೆ ಖಾಲಿ. ಸ್ಪೇಸ್ ಅಂದ್ರೆ ಸ್ಪೇಸ್."

"ಇಬ್ಬರೂ ಒಂದೇ ಥರ ಇದ್ದಾರಲ್ಲ."

ಈ ವಾದದಲ್ಲಿ ನಾನು ಒಮ್ಮೆಯೂ ಗೆದ್ದಿಲ್ಲ. ರಾಯರು ಸರ್ಕಾರಿ ಕಚೇರಿಯಲ್ಲಿ ಮೂವತ್ತು ವರ್ಷ ಟೈಪಿಸ್ಟ್ ಆಗಿದ್ದವರು. ಅವರ ಹಾಲಿನ ಮೂಲೆಯಲ್ಲಿ ಹಳೆಯ ಟೈಪ್‌ರೈಟರ್ ಈಗಲೂ ಇದೆ, ಮೇಲೆ ಕಸೂತಿ ಹಾಕಿದ ಬಟ್ಟೆ ಹೊದ್ದುಕೊಂಡು. ಆ ರಾತ್ರಿ ಬಟ್ಟೆ ಸರಿಸಿ ತೋರಿಸಿದರು. ಹೆಬ್ಬೆರಳಿನಿಂದ ಉದ್ದ ಪಟ್ಟಿ ಒತ್ತಿದರು. ಗಾಡಿ ಟಕ್ ಅಂತ ಒಂದು ಹೆಜ್ಜೆ ಎಡಕ್ಕೆ ಸರಿಯಿತು. "ಇದರಲ್ಲಿ ಒತ್ತಿದ್ರೆ ಕಾಗದ ಬಿಳಿ ಉಳಿಯುತ್ತೆ. ಬಿಳಿ ಅಂದ್ರೆ ಬಿಳಿ," ಅಂದರು. ಲೆಕ್ಕದ ಪುಸ್ತಕದಲ್ಲಿ ಹಾಳೆಯ ಕೆಳಗೆ ಜಾಗ ಉಳಿದರೆ ಅಡ್ಡ ಗೆರೆ ಎಳೆಯುತ್ತಿದ್ದರಂತೆ, ಆಮೇಲೆ ಯಾರೂ ಏನೂ ಸೇರಿಸದ ಹಾಗೆ. ಖಾಲಿ ಜಾಗವನ್ನು ನಂಬಬಾರದು ಅಂತ ಅವರಿಗೂ ಗೊತ್ತಿತ್ತು ಅನ್ನಿ. ಬಟ್ಟೆಯನ್ನು ಮತ್ತೆ ನಾಲ್ಕೂ ಮೂಲೆ ಎಳೆದು ಹೊದಿಸಿದರು. ಮಗು ಮಲಗಿಸಿದ ಹಾಗೆ. ನಾನು ಬೈಯಬೇಕೆಂದು ಕೂಡಿಟ್ಟಿದ್ದ ಮಾತುಗಳಲ್ಲಿ ಅರ್ಧ ಅಲ್ಲೇ ಮರೆತುಹೋಯಿತು.

ಇನ್ನರ್ಧ ಉಳಿದಿತ್ತು. ಅಷ್ಟರಲ್ಲಿ ಅವರೇ ಕೇಳಿದರು. "ಇಷ್ಟು ರಂಪ ಯಾಕೆ? ಸ್ಪೇಸಿನ ಮೇಲೇ ಬರೆದುಬಿಡಬಾರದಾ?"

ಒಳ್ಳೆ ಪ್ರಶ್ನೆ. ಹಳೆಯ ಎಕ್ಸೆಲ್ ಹಾಗೇ ಮಾಡುತ್ತಿತ್ತು. ಉತ್ತರಕ್ಕೆ ಎಷ್ಟು ಮನೆ ಬೇಕೆಂದು ನಾವೇ ಮೊದಲು ಆರಿಸಿ `Ctrl+Shift+Enter` ಒತ್ತಬೇಕಿತ್ತು. ಆರಿಸಿದ ಜಾಗದಲ್ಲಿ ಏನಿದ್ದರೂ ಅಳಿಸಿಹಾಕಿ ಕೂರುತ್ತಿತ್ತು. ಹತ್ತು ಮನೆ ಆರಿಸಿ, ಉತ್ತರ ಹದಿನಾಲ್ಕು ಸಾಲಿದ್ದರೆ, ಕೊನೆಯ ನಾಲ್ಕನ್ನು ಸದ್ದಿಲ್ಲದೆ ನುಂಗುತ್ತಿತ್ತು. ತಾನಾಗಿ ಹರಡುವ ಈ ಹೊಸ ಪದ್ಧತಿ ಪ್ರಕಟವಾಗಿದ್ದು 2018 ರಲ್ಲಿ. ಇದು ಯಾರ ಬರಹವನ್ನೂ ಮುಟ್ಟುವುದಿಲ್ಲ. ಆ ಮರ್ಯಾದೆ ಸ್ಪೇಸಿಗೂ ಸಿಗುತ್ತದೆ, ಅಷ್ಟೇ ತೊಂದರೆ. ಗೂಗಲ್ ಶೀಟ್ಸ್‌ನಲ್ಲೂ ಇದೇ ಜಗಳ. ಅಲ್ಲಿ `#REF!` ಅನ್ನುತ್ತದೆ, ಆದರೆ ಅದರ ಮೇಲೆ ಮೌಸ್ ಇಟ್ಟರೆ ಯಾವ ಮನೆಯ ಬರಹ ಅಳಿಸಿಹೋಗುತ್ತಿತ್ತು ಎಂದು ಹೆಸರು ಹಿಡಿದು ಹೇಳುತ್ತದೆ.

ಅಂತೂ G12 ಮೇಲೆ ನಿಂತು ಡಿಲೀಟ್ ಕೀ ಒತ್ತಿದೆ. ಆ ಕೀಗೆ ಬಹುಶಃ ಅದೇ ಮೊದಲ ಸ್ಪರ್ಶ. ಸರ್ರನೆ ಹದಿನಾಲ್ಕು ಸಾಲು ಇಳಿದು ಬಂತು. "ಭೇಷ್!" ಅಂದರು ರಾಯರು. ಫೋನ್ ಎತ್ತಿ ಸ್ಕ್ರೀನಿನ ಫೋಟೋ ಹೊಡೆದರು. ನಾನು ಸಂತೋಷದಲ್ಲಿ ಪಟ್ಟಿ ಓದುತ್ತಾ ಬಂದೆ. ಏಳನೇ ಸಾಲು. 304. ಅದು ನಮ್ಮನೆ.

"ರಾಯರೇ, ನಾನು 3ನೇ ತಾರೀಕೇ ಕಟ್ಟಿದ್ದೀನಿ. ರಸೀದಿ ನೀವೇ ಕೊಟ್ಟಿದ್ದೀರಿ."

"ಅದಕ್ಕೇ ಮೊತ್ತ ಖಾಲಿ ಇದೆ ನೋಡು."

ಮೊತ್ತ ಖಾಲಿ. ಆದರೆ ಪಟ್ಟಿಯಲ್ಲಿ ಹೆಸರು ಇದೆ. ಇಂಥವರು ನಾಲ್ಕು ಜನ ಇದ್ದರು. C ಕಾಲಮ್ಮಿಗೆ ಹೋಗಿ ನೋಡಿದೆ. `LEN` ಅಲ್ಲೂ 1 ಅಂದಿತು. ದುಡ್ಡು ಕಟ್ಟಿದವರ ಮುಂದೆ ಇಷ್ಟು ದಿನ ರಾಯರು 0 ಹಾಕುತ್ತಿದ್ದರು. ಈ ತಿಂಗಳು ಅವರಿಗೆ, ದುಡ್ಡು ಕೊಟ್ಟವರ ಹೆಸರಿನ ಮುಂದೆ ಸೊನ್ನೆ ಯಾಕೆ, ಅಪಶಕುನ, ಅನ್ನಿಸಿದೆ. ನಾಲ್ಕು ಸೊನ್ನೆ ಅಳಿಸುವಷ್ಟರಲ್ಲಿ ಹಾಲಿನವನು ಬಂದ, ಅಲ್ಲಿಗೇ ನಿಂತಿತು. ಅಳಿಸಿದ್ದು ಹೇಗೆ ಅಂತ ಮತ್ತೆ ಹೇಳಬೇಕೇ?

ಎಕ್ಸೆಲ್‌ಗೆ ಅಕ್ಷರವನ್ನೂ ಅಂಕಿಯನ್ನೂ ಹೋಲಿಸು ಅಂದರೆ ಯಾವ ಅಕ್ಷರವಾದರೂ ಅಂಕಿಗಿಂತ ದೊಡ್ಡದು. ಸ್ಪೇಸೂ ಒಂದು ಅಕ್ಷರ. ಆದ್ದರಿಂದ ಸ್ಪೇಸು ಸೊನ್ನೆಗಿಂತ ಜಾಸ್ತಿ. ಆದ್ದರಿಂದ ನಾನು ಬಾಕಿದಾರ. ಡಿಲೀಟ್ ಒತ್ತಿ ನಿಜವಾಗಿ ಖಾಲಿ ಮಾಡಿದ್ದರೆ ಇದು ಆಗುತ್ತಿರಲಿಲ್ಲ. ಇನ್ನೂ ತಮಾಷೆ ಅಂದರೆ, ನಿಜವಾದ ಬಾಕಿದಾರರು ಈ ತಿಂಗಳೂ ಹತ್ತೇ ಜನ. ಪಟ್ಟಿ ಹನ್ನೊಂದನೇ ಸಾಲಿಗೆ ಮುಗಿದು G12 ತನಕ ಬರುತ್ತಲೇ ಇರಲಿಲ್ಲ. ಒಂದೇ ಹೆಬ್ಬೆರಳು ಆ ಕಡೆ ನಾಲ್ಕು ಜನರನ್ನು ಬಸ್ಸಿಗೆ ಹತ್ತಿಸಿ, ಈ ಕಡೆ ಸೀಟಿಗೆ ಕರ್ಚೀಫನ್ನೂ ಹಾಕಿತ್ತು.

ರಾಯರ ಹೆಬ್ಬೆರಳನ್ನು ಬದಲಿಸುವುದು ಸಾಧ್ಯವಿಲ್ಲ. ಫಾರ್ಮುಲಾ ಬದಲಿಸಿದೆ, ಅಂಕಿ ಇದ್ದರೆ ಮಾತ್ರ ಲೆಕ್ಕಕ್ಕೆ ತಗೋ ಅಂತ:

```
=FILTER(A2:C65, ISNUMBER(C2:C65)*(C2:C65>0))
```

ಒಟ್ಟು ಮೊತ್ತವನ್ನು ಪಟ್ಟಿಯ ಕೆಳಗಿನಿಂದ ಎಬ್ಬಿಸಿ ಮೇಲೆ, I1 ರಲ್ಲಿ ಕೂರಿಸಿದೆ. ಅಲ್ಲಿದ್ದರೆ ಪಟ್ಟಿ ಎಷ್ಟು ಬೆಳೆದರೂ ಅಡ್ಡ ಬರುವುದಿಲ್ಲ:

```
=SUMIF(C2:C65,">0")
```

"ಮೊತ್ತ ಕೆಳಗೆ ಇರಬೇಕಪ್ಪಾ. ತಲೆ ಮೇಲೆ ಯಾರಾದ್ರೂ ಮೊತ್ತ ಬರೀತಾರಾ?" ಅಂದರು. ಇರಲಿ ಬಿಡಿ ಅಂದೆ. ಪಟ್ಟಿ ಹತ್ತಕ್ಕೆ ಇಳಿಯಿತು. 304 ಮಾಯ. ನೆಮ್ಮದಿಯಾಗಿ ಏಳುವಾಗ ನನ್ನ ಫೋನ್ ಕುಣಿಯತೊಡಗಿತು. ಅಪಾರ್ಟ್‌ಮೆಂಟ್ ಗ್ರೂಪು. "ಏನ್ ಸಾರ್, ನೀವೂನಾ?" ಅಂತ ಎಂಟು ಜನ. ಕೆಳಗೆ ನಗುವ ಮುಖಗಳ ಸಾಲು, ಅದಕ್ಕೆ ಯಾರೂ ಅಡ್ಡ ಕೂತಿರಲಿಲ್ಲ, ಚೆನ್ನಾಗಿ ಹರಡಿತ್ತು.

"ಆ ಹದಿನಾಲ್ಕು ಜನರ ಫೋಟೋ ಆಗಲೇ ಹಾಕಿಬಿಟ್ರಾ ರಾಯರೇ?"

"ಹತ್ತು ಗಂಟೆಯೊಳಗೆ ಹಾಕಬೇಕಿತ್ತಲ್ಲ. ಯಾಕೆ?"

"ಅಳಿಸಿಬಿಡಿ, ದಮ್ಮಯ್ಯ."

"ಅದಕ್ಕೇನಂತೆ," ಎಂದು ರಾಯರು ಕನ್ನಡಕ ಏರಿಸಿ ಫೋನ್ ಎತ್ತಿಕೊಂಡರು. ಅವರ ಹೆಬ್ಬೆರಳು ಸ್ಕ್ರೀನಿನ ತಳದಲ್ಲಿ ಉದ್ದದ ಕೀ ಎಲ್ಲಿದೆ ಎಂದು ಹುಡುಕಿಕೊಂಡು ಹೊರಟಿತು.