ಕೋತಿ ಹೇಳಿದ ಸುಳ್ಳು, ಪುಣ್ಯಕೋಟಿ ಕೊಟ್ಟ ಮಾತು

ಮಕ್ಕಳ ಕಥೆಪುಸ್ತಕಗಳಲ್ಲಿ ಪ್ರಾಣಿಗಳ ಕಥೆ ಮುಗಿದ ಮೇಲೂ ಒಂದು ಸಾಲು ಉಳಿದಿರುತ್ತದೆ. ದಪ್ಪ ಅಕ್ಷರದಲ್ಲಿ ‘ನೀತಿ’ ಅಂತ ಬರೆದು, ಅದರ ಮುಂದೆ ನಾಲ್ಕೈದು ಪದ. ದುರಾಸೆ ಒಳ್ಳೆಯದಲ್ಲ. ಒಗ್ಗಟ್ಟಿನಲ್ಲಿ ಬಲವಿದೆ. ಮಕ್ಕಳು ಆ ಸಾಲು ಬರುವ ಹೊತ್ತಿಗೆ ಪುಟ ತಿರುವಿರುತ್ತಾರೆ. ಅದನ್ನು ಓದುವುದು ದೊಡ್ಡವರು ಮಾತ್ರ. ಕಥೆ ಹೇಳಿದ್ದಕ್ಕೆ ರಸೀದಿ ಸಿಕ್ಕಿತು ಅಂತ ಅವರಿಗೆ ಸಮಾಧಾನ.

ನನ್ನ ತಕರಾರು ಆ ಒಂದು ಸಾಲಿನ ಮೇಲಲ್ಲ. ಬೇರೆ ಬೇರೆ ಕಥೆಗಳ ಆ ಸಾಲುಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಅವು ಒಂದಕ್ಕೊಂದು ಜಗಳಕ್ಕೆ ನಿಲ್ಲುತ್ತವೆ.

ನಮ್ಮ ಕಡೆ ಯಾವ ಮಗುವಿಗೂ ತಪ್ಪದ ಎರಡು ಕಥೆ ತೆಗೆದುಕೊಳ್ಳಿ. ಒಂದು ಪುಣ್ಯಕೋಟಿಯದು. ಹಸಿದ ಹುಲಿ ಅಡ್ಡ ಬರುತ್ತದೆ. ಹಸು, ಮನೆಗೆ ಹೋಗಿ ಕರುವಿಗೆ ಹಾಲು ಕೊಟ್ಟು ವಾಪಸ್ ಬರುತ್ತೇನೆ ಅನ್ನುತ್ತದೆ. ಹೇಳಿದಂತೆ ಬಂದೇ ಬಿಡುತ್ತದೆ. ಇನ್ನೊಂದು ಪಂಚತಂತ್ರದ ಕೋತಿ ಮತ್ತು ಮೊಸಳೆಯದು. ನೇರಳೆ ಮರದ ಕೋತಿ ದಿನಾ ಮೊಸಳೆಗೆ ಹಣ್ಣು ಕೊಡುತ್ತದೆ. ಇಷ್ಟು ಸಿಹಿ ಹಣ್ಣು ತಿನ್ನುವವನ ಎದೆಗುಂಡಿಗೆ ಇನ್ನೆಷ್ಟು ಸಿಹಿ ಇರಬೇಡ ಅಂತ ಮೊಸಳೆಯ ಹೆಂಡತಿಗೆ ಆಸೆ ಹುಟ್ಟುತ್ತದೆ. ಮೊಸಳೆ ಗೆಳೆಯನನ್ನು ಬೆನ್ನ ಮೇಲೆ ಕೂರಿಸಿಕೊಂಡು ಹೊರಡುತ್ತದೆ. ನಡುನೀರಿನಲ್ಲಿ ಸಂಗತಿ ಬಯಲಾದಾಗ ಕೋತಿ, ‘ಅಯ್ಯೋ, ಮೊದಲೇ ಹೇಳಬಾರದಿತ್ತೇ? ಗುಂಡಿಗೆಯನ್ನು ಮರದಲ್ಲೇ ಬಿಟ್ಟು ಬಂದಿದ್ದೇನೆ’ ಅನ್ನುತ್ತದೆ. ದಡ ಮುಟ್ಟಿದ್ದೇ ಜಿಗಿದು ಮರ ಹತ್ತುತ್ತದೆ.

ಎರಡೂ ಕಡೆ ಪರಿಸ್ಥಿತಿ ಒಂದೇ ಅಲ್ವಾ? ಎದುರಿಗಿರುವವನು ತಿನ್ನಬೇಕು ಅಂತಲೇ ಬಂದವನು. ಹಸು ‘ಹೋಗಿ ಬರುತ್ತೇನೆ’ ಅನ್ನುತ್ತದೆ, ಕೋತಿ ‘ಹೋಗಿ ತರುತ್ತೇನೆ’ ಅನ್ನುತ್ತದೆ. ಹಸು ವಾಪಸ್ ಬಂದದ್ದಕ್ಕೆ ನಾವು ಕಣ್ಣೊರೆಸಿಕೊಳ್ಳುತ್ತೇವೆ. ಕೋತಿ ಬಾರದೇ ಹೋದದ್ದಕ್ಕೆ ಚಪ್ಪಾಳೆ ತಟ್ಟುತ್ತೇವೆ. ನಮ್ಮ ಅಕ್ಕನ ಮಗಳು ಒಮ್ಮೆ ನೇರವಾಗಿ ಕೇಳಿದಳು: ‘ಚಿಕ್ಕಮ್ಮಾ, ಪುಣ್ಯಕೋಟಿಗೆ ಕೋತಿ ಥರ ಬುದ್ಧಿ ಇರಲಿಲ್ವಾ?’ ಅವಳು ತುಂಟತನಕ್ಕೆ ಕೇಳಿದ್ದಲ್ಲ. ಕೊಟ್ಟಿಗೆ ಸೇರಿ ಬಾಗಿಲು ಹಾಕಿಕೊಂಡಿದ್ದರೆ ಕರುವೂ ತಬ್ಬಲಿಯಾಗುವ ಭಯವಿಲ್ಲ, ಹುಲಿಯೂ ಸಾಯುತ್ತಿರಲಿಲ್ಲ ಅನ್ನುವುದು ಅವಳ ಲೆಕ್ಕ. ಲೆಕ್ಕದಲ್ಲಿ ತಪ್ಪೇನೂ ಇರಲಿಲ್ಲ.

ಈ ಗೊಂದಲ ಎಲ್ಲಿಂದ ಬಂತು ಅಂದರೆ, ಬೇರೆ ಬೇರೆ ಕೆಲಸಕ್ಕೆ ಮಾಡಿದ ಕಥೆಗಳನ್ನು ನಾವು ಒಂದೇ ಡಬ್ಬಿಗೆ ತುಂಬಿದ್ದೇವೆ. ಪಂಚತಂತ್ರ ಒಳ್ಳೆಯ ಹುಡುಗರನ್ನು ತಯಾರಿಸಲು ಹುಟ್ಟಿದ್ದಲ್ಲ. ಅಮರಶಕ್ತಿ ಎಂಬ ರಾಜನಿಗೆ ಓದು ತಲೆಗೆ ಹತ್ತದ ಮೂವರು ಮಕ್ಕಳು. ಅವರಿಗೆ ಆರು ತಿಂಗಳಲ್ಲಿ ನೀತಿ ಕಲಿಸುತ್ತೇನೆ ಅಂತ ವಿಷ್ಣುಶರ್ಮ ಪಣ ತೊಡುತ್ತಾನೆ. ಆ ನೀತಿ ರಾಜನೀತಿ. ಯಾರನ್ನು ನಂಬಬೇಕು, ಯಾರು ಯಾಕೆ ಹೊಗಳುತ್ತಾರೆ, ಬಲ ಕಡಿಮೆ ಇದ್ದಾಗ ತಪ್ಪಿಸಿಕೊಳ್ಳುವುದು ಹೇಗೆ, ಇವೇ ಅದರ ಪಾಠ. ಕನ್ನಡದಲ್ಲಿ ಹನ್ನೊಂದನೇ ಶತಮಾನದಲ್ಲಿ ಇದನ್ನು ಬರೆದ ದುರ್ಗಸಿಂಹ ಚಾಲುಕ್ಯ ಜಯಸಿಂಹನ ಆಸ್ಥಾನದಲ್ಲಿ ಸಂಧಿವಿಗ್ರಹಿ. ಯಾರ ಜೊತೆ ಒಪ್ಪಂದ, ಯಾರ ಜೊತೆ ಯುದ್ಧ ಅಂತ ನೋಡಿಕೊಳ್ಳುವ ಹುದ್ದೆ ಅದು. ಅವನ ಪಂಚತಂತ್ರದ ಒಂದು ಭಾಗದ ಹೆಸರೇ ವಂಚನೆ. ಇಂಥ ಪುಸ್ತಕವನ್ನು ನಾವು ಬಣ್ಣದ ಚಿತ್ರ ಹಾಕಿ ಎಲ್‌ಕೆಜಿ ಮಕ್ಕಳ ಕೈಗೆ ಕೊಟ್ಟಿದ್ದೇವೆ.

ಮೊದಲನೆಯ ತಂತ್ರದ ಕಥೆಯನ್ನೇ ನೋಡಿ. ಕಾಡಿನ ರಾಜ ಪಿಂಗಳಕ ಎಂಬ ಸಿಂಹ. ಅದು ಒಂದು ದಿನ ಎಂದೂ ಕೇಳದ ಗುಟುರು ಕೇಳಿ ಹೆದರುತ್ತದೆ. ದಮನಕ ಎಂಬ ನರಿ ಹೋಗಿ ನೋಡಿದರೆ ಅದು ಸಂಜೀವಕ ಎಂಬ ಎತ್ತು. ವ್ಯಾಪಾರಿಯೊಬ್ಬ ದಾರಿಯಲ್ಲಿ ಬಿಟ್ಟು ಹೋದದ್ದು. ದಮನಕನೇ ನಡುವೆ ನಿಂತು ಸಿಂಹಕ್ಕೂ ಎತ್ತಿಗೂ ಸ್ನೇಹ ಮಾಡಿಸುತ್ತಾನೆ. ಆ ಸ್ನೇಹ ಎಷ್ಟು ಬೆಳೆಯಿತೆಂದರೆ ಸಿಂಹಕ್ಕೆ ಬೇಟೆಯೂ ಬೇಡ, ಆಳುಗಳ ನೆನಪೂ ಇಲ್ಲ. ನರಿಗಳಿಗೆ ಹೊಟ್ಟೆಗಿಲ್ಲ. ಆಗ ದಮನಕ ಸಿಂಹದ ಕಿವಿಯಲ್ಲಿ, ‘ಎತ್ತಿಗೆ ನಿನ್ನ ಪಟ್ಟದ ಮೇಲೆ ಕಣ್ಣು’ ಅನ್ನುತ್ತಾನೆ. ಎತ್ತಿನ ಹತ್ತಿರ ಬಂದು, ‘ಸಿಂಹ ನಿನ್ನನ್ನು ತಿನ್ನಬೇಕು ಅಂತಿದೆ’ ಅನ್ನುತ್ತಾನೆ. ಎದುರಿಗೆ ಬಂದಾಗ ಅದರ ಚಹರೆ ಹೀಗೆ ಹೀಗೆ ಬದಲಾದರೆ ನಾನು ಹೇಳಿದ್ದು ನಿಜ ಅಂತ ತಿಳಿ ಅಂತ ಇಬ್ಬರಿಗೂ ಗುರುತು ಬೇರೆ ಹೇಳಿಕೊಡುತ್ತಾನೆ. ಮೊದಲೇ ಅನುಮಾನ ತುಂಬಿಕೊಂಡು ಎದುರಾದವರ ಮುಖ ಬದಲಾಗದೇ ಇರುತ್ತದೆಯೇ? ಇಬ್ಬರಿಗೂ ಗುರುತು ಸಿಕ್ಕಿತು. ಹೊಡೆದಾಡಿದರು. ಎತ್ತು ಸತ್ತಿತು.

ಚಾಡಿ ಹೇಗೆ ಕೆಲಸ ಮಾಡುತ್ತದೆ ಅನ್ನುವುದನ್ನು ಇದಕ್ಕಿಂತ ಚೆನ್ನಾಗಿ ಹೇಳಿದ ಕಥೆ ನಾನು ಓದಿಲ್ಲ. ಆದರೆ ಕೊನೆ ಏನು? ಸಿಂಹ ಅಳುತ್ತಾ ಕೂರುತ್ತದೆ. ದಮನಕ ಅದಕ್ಕೆ ಸಮಾಧಾನ ಹೇಳಿ ಮಂತ್ರಿಯಾಗಿ ಸುಖವಾಗಿರುತ್ತಾನೆ. ಶಿಕ್ಷೆ ಇಲ್ಲ, ಪಶ್ಚಾತ್ತಾಪವೂ ಇಲ್ಲ. ಜೊತೆಗಾರ ನರಿ ಕರಟಕ ಒಂದಿಷ್ಟು ಬೈಯುತ್ತಾನೆ, ಅಷ್ಟೇ. ಎಂಟನೇ ಶತಮಾನದಲ್ಲಿ ಇದನ್ನು ಅರಬ್ಬಿಗೆ ತಂದ ಇಬ್ನ್ ಅಲ್-ಮುಖಫ್ಫಾನಿಗೆ ಈ ಕೊನೆ ಸಹಿಸಲು ಆಗಲಿಲ್ಲ ಅಂತ ಕಾಣುತ್ತದೆ. ಅರಬ್ಬಿ ಪುಸ್ತಕದಲ್ಲಿ ಸಂಸ್ಕೃತದಲ್ಲಿಲ್ಲದ ಒಂದು ಅಧ್ಯಾಯ ಇದೆ. ಅಲ್ಲಿ ದಿಮ್ನಾ, ಅಂದರೆ ನಮ್ಮ ದಮನಕ, ವಿಚಾರಣೆ ಎದುರಿಸುತ್ತಾನೆ. ಸಾಕ್ಷಿಗಳು ಬರುತ್ತಾರೆ, ತಪ್ಪು ಸಾಬೀತಾಗುತ್ತದೆ, ಅವನಿಗೆ ಸಾವು. ಕಥೆಗೆ ನೀತಿ ಸಾಲದು ಅಂತ ಹೊರಗಿನಿಂದ ಅಂಟಿಸುವ ಕೆಲಸ ನಮ್ಮ ಕಥೆಪುಸ್ತಕಗಳವರು ಶುರು ಮಾಡಿದ್ದಲ್ಲ. ಅದು ಅಷ್ಟು ಹಳೆಯದು.

ಅಂಟಿಸಿದ ಮಾತ್ರಕ್ಕೆ ಮಗು ಅದನ್ನೇ ತೆಗೆದುಕೊಳ್ಳುತ್ತದೆ ಅನ್ನುವ ಭರವಸೆಯೂ ಇಲ್ಲ. ಜಿನೀವಾದಲ್ಲಿ ಹುಟ್ಟಿದ ತತ್ವಜ್ಞಾನಿ ರೂಸೋ 1762ರಲ್ಲಿ ಈ ಮಾತನ್ನೇ ಇಟ್ಟುಕೊಂಡು ಜಗಳ ತೆಗೆದ. ಕಾಗೆ ಬಾಯಲ್ಲಿ ತಿಂಡಿ ಕಚ್ಚಿಕೊಂಡಿದೆ, ನರಿ ಹೊಗಳಿ ಹಾಡಿಸುತ್ತದೆ, ತಿಂಡಿ ಬೀಳುತ್ತದೆ. ಅಲ್ಲಿ ಚೀಸು, ನಮ್ಮಲ್ಲಿ ವಡೆ ಅಥವಾ ರೊಟ್ಟಿಚೂರು. ಹೊಗಳಿಕೆಗೆ ಮರುಳಾಗಬೇಡ ಅನ್ನುವುದು ನಮ್ಮ ನೀತಿ. ಆದರೆ ಮಕ್ಕಳನ್ನು ಗಮನಿಸಿ, ಅವರು ಕಾಗೆಯನ್ನು ನೋಡಿ ನಗುತ್ತಾರೆ, ನರಿಯ ಕಡೆ ಸೇರುತ್ತಾರೆ ಅಂದ ರೂಸೋ. ಯಾರು ತಾನೇ ಕಾಗೆಯಾಗಲು ಇಷ್ಟಪಡುತ್ತಾರೆ? ನಮ್ಮ ಮನೆಯ ಮಕ್ಕಳು ಈ ಕಥೆಯನ್ನು ಆಟವಾಡುವಾಗ ನರಿಯ ಪಾತ್ರಕ್ಕೇ ಕಿತ್ತಾಟ. ಕಾಗೆ ಪಾತ್ರ ಮನೆಯಲ್ಲಿ ಎಲ್ಲರಿಗಿಂತ ಚಿಕ್ಕವನಿಗೆ.

ಇನ್ನು ಹಂಚಿ ತಿನ್ನು, ಸುಳ್ಳು ಹೇಳಬೇಡ ಅನ್ನುವ ನೇರ ಗುಣಗಳ ಮಾತು. ಇದನ್ನಾದರೂ ಪ್ರಾಣಿಕಥೆ ಕಲಿಸುತ್ತದೆಯೇ? ಕೆನಡಾದ ಟೊರಾಂಟೋ ವಿಶ್ವವಿದ್ಯಾಲಯದವರು ಇದನ್ನು ಪರೀಕ್ಷೆ ಮಾಡಿ 2017ರಲ್ಲಿ ಪ್ರಕಟಿಸಿದರು. ನಾಲ್ಕರಿಂದ ಆರು ವರ್ಷದ ಮಕ್ಕಳು. ಪ್ರತಿಯೊಬ್ಬರಿಗೂ ಹತ್ತು ಸ್ಟಿಕ್ಕರ್ ಕೊಟ್ಟು, ಸ್ಟಿಕ್ಕರ್ ಸಿಗದ ಇನ್ನೊಂದು ಮಗುವಿಗೆ ಬೇಕಿದ್ದರೆ ಕೊಡಬಹುದು ಅಂದರು. ಯಾರು ಎಷ್ಟು ಕೊಟ್ಟರು ಅಂತ ಲೆಕ್ಕ ಇಟ್ಟುಕೊಂಡರು. ಆಮೇಲೆ ಪುಸ್ತಕ ಓದಿದರು. ಕೆಲವರಿಗೆ ಹಂಚಿಕೊಳ್ಳುವುದನ್ನು ಕಲಿಯುವ ಒಂದು ಮರಿ ರಕೂನ್ ಕಥೆ. ಕೆಲವರಿಗೆ ಅದೇ ಕಥೆ, ಆದರೆ ಚಿತ್ರಗಳಲ್ಲಿ ಪ್ರಾಣಿಯ ಬದಲು ಮನುಷ್ಯರು. ಉಳಿದವರಿಗೆ ಬೀಜಗಳ ಬಗ್ಗೆ ಒಂದು ಪುಸ್ತಕ. ಓದಿದ ಮೇಲೆ ಮತ್ತೆ ಸ್ಟಿಕ್ಕರ್. ಮನುಷ್ಯರ ಕಥೆ ಕೇಳಿದವರು ಮೊದಲಿಗಿಂತ ಜಾಸ್ತಿ ಕೊಟ್ಟರು. ರಕೂನ್ ಕಥೆ ಕೇಳಿದವರ ಕೈ ಮೊದಲಿಗಿಂತ ಬಿಗಿಯಾಯಿತು. ‘ಹಂಚಿಕೊಳ್ಳುವುದು ರಕೂನ್‌ಗಳ ಸಮಾಚಾರ, ನಮಗೇನು’ ಅಂದುಕೊಂಡರೋ ಏನೋ. ಪ್ರಾಣಿಗಳಲ್ಲಿ ಮನುಷ್ಯರನ್ನೇ ಕಂಡ ಮಕ್ಕಳು ಮಾತ್ರ ಸ್ವಲ್ಪ ಧಾರಾಳವಾಗಿದ್ದರು.

ಇದನ್ನೇ ಹಿಡಿದುಕೊಂಡು ಪ್ರಾಣಿಕಥೆಗಳನ್ನು ಅಟ್ಟಕ್ಕೆ ಹಾಕಬೇಕು ಅಂತ ನಾನು ಹೇಳುವುದಿಲ್ಲ. ಅದು ಪರಿಚಯವಿಲ್ಲದವರು ಒಮ್ಮೆ ಓದಿದ ಕಥೆ, ಫಲ ನೋಡಿದ್ದು ಆ ಕ್ಷಣದಲ್ಲೇ. ಅಜ್ಜಿ ಕೈತುತ್ತು ಕೊಡುತ್ತಾ ನೂರು ಸಲ ಹೇಳಿದ ಕಥೆಗೆ ಆ ಲೆಕ್ಕ ಪೂರ್ತಿ ಹೊಂದುವುದಿಲ್ಲ. ಆದರೂ ಒಂದು ಮಾತು ಅದರಿಂದ ಸ್ಪಷ್ಟವಾಗುತ್ತದೆ. ಪ್ರಾಣಿಯಿಂದ ತನ್ನ ಕಡೆಗೆ ದಾಟಿ ಬರುವ ಹೆಜ್ಜೆಯನ್ನು ಮಗು ತಾನಾಗಿ ಇಡುವುದಿಲ್ಲ.

ಹೆದರಿಸುವ ಕಥೆಗಳದ್ದು ಇನ್ನೊಂದು ಪಾಡು. ಹುಲಿ ಬಂತು ಹುಲಿ ಅಂತ ಸುಳ್ಳು ಕೂಗಿದ ಹುಡುಗನ ಕಥೆ ಗೊತ್ತಲ್ಲ. ವಿದೇಶದಲ್ಲಿ ಅದು ತೋಳ. ಮೂರರಿಂದ ಏಳು ವರ್ಷದ ಮಕ್ಕಳ ಮೇಲೆ ನಡೆದ, 2014ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಆಟಿಕೆಯನ್ನು ಇಣುಕಿ ನೋಡಬೇಡ ಅಂತ ಹೇಳಿ ಹೊರಗೆ ಹೋದರು. ಆಮೇಲೆ ಕಥೆ ಹೇಳಿ, ಇಣುಕಿದೆಯಾ ಅಂತ ಕೇಳಿದರು. ತೋಳದ ಕಥೆ ಕೇಳಿದ ಮಕ್ಕಳು ಕಡಿಮೆ ಸುಳ್ಳು ಹೇಳಲಿಲ್ಲ. ಅಪ್ಪನ ಚೆರಿ ಮರ ಕಡಿದು, ನಿಜ ಒಪ್ಪಿಕೊಂಡು ಅಪ್ಪನಿಂದ ಮೆಚ್ಚುಗೆ ಪಡೆದ, ಮುಂದೆ ಅಮೆರಿಕದ ಮೊದಲ ಅಧ್ಯಕ್ಷನಾದ ಬಾಲಕ ವಾಷಿಂಗ್ಟನ್‌ನ ಕಥೆ ಕೇಳಿದವರು ನಿಜ ಹೇಳಿದ್ದು ಜಾಸ್ತಿ. ವಿಚಿತ್ರ ಅಂದರೆ ಆ ಚೆರಿ ಮರದ ಕಥೆಯೇ ಕಟ್ಟುಕಥೆ ಅನ್ನುತ್ತಾರೆ ಇತಿಹಾಸಕಾರರು. ನಿಜ ಹೇಳಿಸುವುದಕ್ಕೂ ಒಂದು ಸುಳ್ಳೇ ಬೇಕಾಯಿತು ನೋಡಿ.

ಪುಣ್ಯಕೋಟಿಯ ವಿಷಯಕ್ಕೆ ಬಂದರೆ, ಸತ್ಯಕ್ಕೆ ಜಯ ಅನ್ನುವ ಪಾಠ ಅದರಲ್ಲಿ ಅಷ್ಟು ಗಟ್ಟಿಯಿಲ್ಲ ಅಂತ ನನಗೆ ಅನ್ನಿಸುತ್ತದೆ. ಹುಲಿಯ ಮನಸ್ಸು ಕರಗದಿದ್ದರೆ ಏನಾಗುತ್ತಿತ್ತು? ಹಸುವಿನ ಸತ್ಯ ಉಳಿದದ್ದು ಹುಲಿಯ ಪ್ರಾಣದಿಂದ. ಮಕ್ಕಳು ಇದನ್ನು ತಕ್ಷಣ ಹಿಡಿಯುತ್ತಾರೆ. ಹಾಡು ಮುಗಿದಾಗ ಹಸುವಿಗಿಂತ ಹುಲಿಗೇ ಜಾಸ್ತಿ ಅಳುವ ಮಕ್ಕಳನ್ನು ನೋಡಿದ್ದೇನೆ. ಅದಕ್ಕೆ ತಿನ್ನಲು ಬೇರೇನೂ ಇರಲಿಲ್ವಾ ಅಂತ ಕೇಳುತ್ತಾರೆ. ‘ನೀತಿ’ ಅಂತ ಬರೆದ ಸಾಲಿನಲ್ಲಿ ಆ ಹಸಿವಿಗೆ ಜಾಗವೇ ಇಲ್ಲ.

ನಾನು ಈಗ ಆ ಸಾಲನ್ನು ಓದುವುದು ಬಿಟ್ಟಿದ್ದೇನೆ. ಹಾಡಿನ ನಡುವೆ, ಹಸು ದೊಡ್ಡಿಗೆ ಬಂದು ಉಳಿದ ಹಸುಗಳನ್ನು ಕರೆದು ಹೇಳುವ ಜಾಗದಲ್ಲಿ ನಿಲ್ಲಿಸುತ್ತೇನೆ. ನನ್ನ ಕಂದ ಮುಂದೆ ಬಂದರೆ ಹಾಯಬೇಡಿ, ಹಿಂದೆ ಬಂದರೆ ಒದೆಯಬೇಡಿ ಅಂತ ಅದು ಬೇಡಿಕೊಳ್ಳುತ್ತದೆ. ಅಲ್ಲಿ ಹುಲಿಯಿಲ್ಲ, ಪವಾಡವಿಲ್ಲ. ನಮ್ಮ ತರಗತಿಗೆ ಹೊಸದಾಗಿ ಬಂದು ಮೂಲೆಯಲ್ಲಿ ಕೂತ ಮಗುವಿನ ಜೊತೆ ನಾವು ಹೇಗಿರುತ್ತೇವೆ ಅನ್ನುವ ಮಾತಿಗೆ ಅಲ್ಲಿಂದ ಒಂದೇ ಹೆಜ್ಜೆ. ಆ ಹೆಜ್ಜೆಯನ್ನು ನಾನೇ ಕೈಹಿಡಿದು ಇಡಿಸುತ್ತೇನೆ. ಅಕ್ಕನ ಮಗಳು ಕೇಳಿಸಿಕೊಳ್ಳುತ್ತಾಳೆ, ಹೌದು ಅನ್ನುತ್ತಾಳೆ. ಆಮೇಲೆ ಕೋತಿಯ ಕಥೆಯನ್ನೇ ಹೇಳು ಅನ್ನುತ್ತಾಳೆ.